ಈ ಸಲ ಆಗಂಗಿಲ್ರಿ, ಮುಂದ ಬರ್ತೀನ್ರಿ

ನಮ್ಮ ಕಡೆ ಯಾರಾದರೂ ಮನೆಗೆ ಬಂದು ಕರೆದರೆ ನಾವು ಒಮ್ಮೆಲೇ ‘ಇಲ್ಲ’ ಅನ್ನುವುದಿಲ್ಲ. ಮನೆಯಿಂದ ಹೊರಡುವಾಗಲೂ ‘ಹೋಗ್ತೀನಿ’ ಅನ್ನುವುದಿಲ್ಲ. ‘ಹೋಗಿ ಬರ್ತೀನಿ’ ಅನ್ನುತ್ತೇವೆ. ಇದು ಒಳ್ಳೆಯ ರೂಢಿ.

ಆದರೆ ಈ ರೂಢಿಯಿಂದ ಒಮ್ಮೊಮ್ಮೆ ತೊಂದರೆಯೂ ಆಗುತ್ತದೆ. ಬರಲು ಆಗುವುದಿಲ್ಲ ಎಂದು ನಮಗೆ ಮೊದಲೇ ಗೊತ್ತಿರುತ್ತದೆ. ಆದರೂ ಬಾಯಿಯಿಂದ ‘ಹೂನ್ರಿ, ನೋಡೋಣ್ರಿ’ ಎಂದು ಬಂದುಬಿಡುತ್ತದೆ. ಕರೆದವರು ದಾರಿ ಕಾಯುತ್ತಾರೆ. ನಾವು ಹೋಗುವುದಿಲ್ಲ.

ಹಾಗಾದರೆ ಬರಲು ಆಗದಿದ್ದಾಗ ಏನು ಹೇಳಬೇಕು? ಕರೆದವರ ಮನಸ್ಸು ನೋಯಬಾರದು. ಮುಂದೆ ಅವರು ನಮ್ಮನ್ನು ಮತ್ತೆ ಕರೆಯಬೇಕು. ಇದನ್ನು ಇವತ್ತು ಕಲಿಯೋಣ.

ಗಂಗವ್ವನ ಕತೆ

ಶಿರಹಟ್ಟಿ ಕಡೆಯ ಒಂದು ಹಳ್ಳಿ. ಅಲ್ಲಿ ಹೆಣ್ಣುಮಕ್ಕಳ ಒಂದು ಸಂಘ ಇದೆ. ಸಂಘದಲ್ಲಿ 15 ಮಂದಿ. ವಾರಕ್ಕೊಮ್ಮೆ ಕೂಡುತ್ತಾರೆ. ಉಳಿತಾಯದ ಹಣ ಕಟ್ಟುತ್ತಾರೆ. ಸಾಲ ಯಾರಿಗೆ ಕೊಡಬೇಕು ಎಂದು ಮಾತಾಡುತ್ತಾರೆ. ಆ ಸಂಘದ ಒಬ್ಬ ತಂಗಿಗೆ ಈ ಪಾಠದಲ್ಲಿ ನಾವು ಗಂಗವ್ವ ಎಂದು ಹೆಸರು ಇಡೋಣ.

ಹೋದ ವರ್ಷದ ಮಾತು. ಸುತ್ತಲಿನ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಒಕ್ಕೂಟದ ಸಭೆ ಗದಗಿನಲ್ಲಿ ಇತ್ತು. ಒಂದೊಂದು ಸಂಘದಿಂದ ಇಬ್ಬರು ಹೋಗಬೇಕು. ಒಕ್ಕೂಟದ ಅಧ್ಯಕ್ಷೆ ಗಂಗವ್ವನ ಮನೆಗೆ ಬಂದರು.

“ಗಂಗವ್ವಾ, ಗುರುವಾರ ಗದಗಿಗೆ ಬರ್ತೀ ಇಲ್ಲೋ?”

ಗಂಗವ್ವನಿಗೆ ಆ ದಿನ ಹೊಲದಲ್ಲಿ ಕೆಲಸ ಇತ್ತು. ಆದರೆ ಹಿರಿಯರು ಮನೆತನಕ ಬಂದಿದ್ದಾರೆ. ಎದುರಿಗೆ ಹೇಗೆ ಹೇಳುವುದು? “ನೋಡೋಣ್ರಿ ಅಕ್ಕಾರ, ಬರ್ತೀನ್ರಿ” ಅಂದಳು.

ಗುರುವಾರ ಬೆಳಿಗ್ಗೆ ಟೆಂಪೊ ಬಂತು. ಅಗಸಿಯ ಹತ್ತಿರ ಅರ್ಧ ತಾಸು ನಿಂತಿತು. ಗಂಗವ್ವ ಬರಲಿಲ್ಲ. ಅವಳ ಜಾಗ ಖಾಲಿ ಹೋಯಿತು. ಅದೇ ಓಣಿಯ ಇನ್ನೊಬ್ಬ ತಂಗಿಗೆ ಹೋಗುವ ಆಸೆ ಇತ್ತು. ಆದರೆ ಗಂಗವ್ವ ಬರುತ್ತಾಳೆ ಎಂದು ಅವಳನ್ನು ಯಾರೂ ಕರೆದಿರಲಿಲ್ಲ.

ಆಮೇಲೆ ಏನಾಯಿತು? ಯಾರೂ ಗಂಗವ್ವನ ಮೇಲೆ ಸಿಟ್ಟು ಮಾಡಲಿಲ್ಲ. ಯಾರೂ ಜಗಳಕ್ಕೆ ಬರಲಿಲ್ಲ. ಆದರೆ ಮುಂದಿನ ಸಭೆಗೆ ಅವಳನ್ನು ಕರೆಯಲಿಲ್ಲ. ಅದರ ಮುಂದಿನ ಸಭೆಗೂ ಕರೆಯಲಿಲ್ಲ. ಗಂಗವ್ವನಿಗೆ ಹೋಗುವ ಮನಸ್ಸು ಇತ್ತು. ಆದರೆ ಕರೆಯುವವರೇ ಇಲ್ಲ.

ಬಾಗಿಲು ಹೀಗೆ ಸಪ್ಪಳ ಇಲ್ಲದೆ ಮುಚ್ಚುತ್ತದೆ. ‘ಬರಂಗಿಲ್ಲ’ ಅಂದದ್ದರಿಂದ ಮುಚ್ಚಲಿಲ್ಲ. ‘ಬರ್ತೀನಿ’ ಅಂದು ಬಾರದೆ ಇದ್ದದ್ದರಿಂದ ಮುಚ್ಚಿತು.

ನಾಲ್ಕು ಮಾತು ಓದೋಣ

ಈಗ ಕೆಳಗಿನ ನಾಲ್ಕು ಮಾತುಗಳನ್ನು ದೊಡ್ಡ ದನಿಯಲ್ಲಿ ಓದಿರಿ.

1. ನಾ ಒಲ್ಲೆ.
2. ನಾ ಬರಂಗಿಲ್ಲ.
3. ನನಗ ಬರಾಕ ಆಗಂಗಿಲ್ರಿ.
4. ನನಗ ಈ ಸಲ ಬರಾಕ ಆಗಂಗಿಲ್ರಿ.

ನಾಲ್ಕರಲ್ಲೂ ನಾವು ಬರುವುದಿಲ್ಲ ಎಂದೇ ಹೇಳಿದ್ದೇವೆ. ಆದರೆ ಕೇಳಿದವರಿಗೆ ನಾಲ್ಕೂ ಒಂದೇ ತರ ಕೇಳುವುದಿಲ್ಲ.

‘ಒಲ್ಲೆ’ ಅಂದರೆ ನನಗೆ ಮನಸ್ಸಿಲ್ಲ ಎಂದು ಅರ್ಥ. ‘ಬರಂಗಿಲ್ಲ’ ಅಂದರೆ ನಾನು ನಿರ್ಧಾರ ಮಾಡಿದ್ದೇನೆ, ಇನ್ನು ಕೇಳಬೇಡಿರಿ ಎಂದು ಅರ್ಥ. ‘ಬರಾಕ ಆಗಂಗಿಲ್ಲ’ ಅಂದರೆ ಮನಸ್ಸಿದೆ, ಆದರೆ ಏನೋ ಅಡ್ಡ ಬಂದಿದೆ ಎಂದು ಅರ್ಥ. ‘ಈ ಸಲ’ ಎಂಬುದು ಎರಡೇ ಮಾತು. ಅದನ್ನು ಸೇರಿಸಿದರೆ ಇನ್ನೊಂದು ಸಲ ಇದೆ ಎಂದು ತಾನೇ ಗೊತ್ತಾಗುತ್ತದೆ.

ಆದ್ದರಿಂದ ಮುಂದೆಯೂ ಕರೆಯಲಿ ಎಂಬ ಆಸೆ ಇದ್ದರೆ ನಾಲ್ಕನೆಯ ಮಾತು ಹೇಳೋಣ. ‘ಬರಾಕ ಆಗಂಗಿಲ್ರಿ’ ಎಂಬ ಮಾತನ್ನು ಮಾತ್ರ ನುಂಗಬಾರದು. ಅದು ಸ್ಪಷ್ಟವಾಗಿ ಕೇಳಬೇಕು. ‘ನೋಡೋಣ್ರಿ’ ಅಂದರೆ ಕರೆದವರು ಬರುತ್ತಾಳೆ ಎಂದೇ ತಿಳಿಯುತ್ತಾರೆ.

ಮುಗಿಯುವ ಕಾರಣ, ಮುಗಿಯದ ಕಾರಣ

ಬರುವುದಿಲ್ಲ ಅಂದ ಕೂಡಲೇ ‘ಯಾಕ?’ ಎಂದು ಕೇಳುತ್ತಾರೆ. ಆಗ ಕಾರಣ ಹೇಳಬೇಕು. ಕಾರಣಗಳಲ್ಲಿ ಎರಡು ಬಗೆ ಇವೆ.

“ನಮ್ಮ ಮನ್ಯಾಗ ಒಲ್ಲೆ ಅಂತಾರ್ರಿ.” ಈ ಮಾತನ್ನು ನಾವು ಬಹಳ ಸಲ ಹೇಳುತ್ತೇವೆ. ನಿಜ ಇದ್ದರೂ ಹೇಳುತ್ತೇವೆ, ಇಲ್ಲದಿದ್ದರೂ ಹೇಳುತ್ತೇವೆ. ಇದು ಮುಗಿಯದ ಕಾರಣ. ಈ ವಾರ ಒಲ್ಲೆ ಅನ್ನುವ ಮನೆಯವರು ಮುಂದಿನ ತಿಂಗಳೂ ಒಲ್ಲೆ ಅನ್ನಬಹುದು. ಕೇಳಿದವರು ‘ಪಾಪ, ಆಕಿನ್ನ ಕರದ್ರ ಮನ್ಯಾಗ ಜಗಳ ಆಗತೈತಿ’ ಎಂದುಕೊಳ್ಳುತ್ತಾರೆ. ಮತ್ತೆ ಕರೆಯುವುದಿಲ್ಲ. ‘ನನಗ ಪುರುಸೊತ್ತ ಇಲ್ರಿ’ ಎಂಬುದೂ ಮುಗಿಯದ ಕಾರಣವೇ.

“ಹೆಸರು ಬಿಡಸೂದು ನಡದೈತ್ರಿ, ಇನ್ನ ಎಂಟ ದಿನ.” ಇದು ಮುಗಿಯುವ ಕಾರಣ. ಎಂಟು ದಿನದ ಮೇಲೆ ಗಂಗವ್ವನಿಗೆ ಬಿಡುವು ಆಗುತ್ತದೆ. ಅದು ಕರೆದವರಿಗೂ ಗೊತ್ತಾಯಿತು. ಆಗ ಮತ್ತೆ ಕರೆಯಲು ದಾರಿ ಉಳಿಯಿತು.

ಕಾರಣ ಹೇಳುವಾಗ ಅದು ಯಾವಾಗ ಮುಗಿಯುತ್ತದೆ ಎಂದೂ ಹೇಳಬೇಕು. ಬಾಗಿಲು ತೆರೆದಿಡುವ ಕೀಲಿ ಇದೇ.

ಕಾರಣ ಒಂದೇ ಇರಬೇಕು. ಹೆಚ್ಚು ಕಾರಣ ಹೇಳಿದರೆ ಏನಾಗುತ್ತದೆ ನೋಡೋಣ.

“ಕೂಸು ಸಣ್ಣದೈತ್ರಿ.”
“ಕರಕೊಂಡ ಬಾ, ನಾವ ಹಿಡ್ಕೋತೀವಿ.”
“ಬಸ್ಸಿಗೆ ರೊಕ್ಕ ಇಲ್ರಿ.”
“ಟೆಂಪೊ ಐತಿ, ರೊಕ್ಕ ಬ್ಯಾಡ.”
“ಮೈಯಾಗೂ ಆರಾಮ ಇಲ್ರಿ…”

ಒಂದು ಕಾರಣ ಬಿದ್ದರೆ ಇನ್ನೊಂದು ಹುಡುಕಬೇಕು. ಕೊನೆಗೆ ಸುಳ್ಳು ಬರುತ್ತದೆ. ಆರಾಮ ಇಲ್ಲ ಅಂದವಳು ಅದೇ ದಿನ ಸಂತೆಯಲ್ಲಿ ಕಂಡರೆ ಮುಂದೆ ಅವಳು ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಆದ್ದರಿಂದ ನಿಜವಾದ ಒಂದು ಕಾರಣ ಸಾಕು. ಮನೆಯ ಎಲ್ಲ ಸುದ್ದಿ ಹೇಳಬೇಕಿಲ್ಲ. ಹೇಳಲು ಮನಸ್ಸಿಲ್ಲದ ಕಾರಣ ಇದ್ದರೆ, “ಮನಿದೊಂದು ಕೆಲಸ ಐತ್ರಿ, ಸೋಮವಾರದ ತನಕ” ಅಂದರೆ ಸಾಕು.

ಕೆಲವರು ಒತ್ತಾಯ ಮಾಡುತ್ತಾರೆ. “ಅರ್ಧ ತಾಸು ಬಂದು ಹೋಗವಾ” ಅನ್ನುತ್ತಾರೆ. ಆಗ ಹೊಸ ಕಾರಣ ಹುಡುಕಬಾರದು. ಅದೇ ಮಾತನ್ನು ಅದೇ ಮೆತ್ತನೆಯ ದನಿಯಲ್ಲಿ ಇನ್ನೊಮ್ಮೆ ಹೇಳಬೇಕು. “ನೀವು ಕರದದ್ದು ಚಲೋ ಆತ್ರಿ ಅಕ್ಕಾರ. ಈ ಸಲ ಮಾತ್ರ ಆಗಂಗಿಲ್ರಿ.”

ಗಂಗವ್ವ ಬರೆದ ಚೀಟಿ

ಈ ವರ್ಷ ಆಗಸ್ಟ್ ತಿಂಗಳು. ಹೆಸರು ಬಿಡಿಸುವ ಕಾಲ. ಬುಡ್ಡಿ ಒಣಗಿ ಕಪ್ಪಾದ ಮೇಲೆ ಬಿಡಲು ಬರುವುದಿಲ್ಲ. ಮಳೆ ಹಿಡಿದರೆ ಕಾಳು ಕೆಡುತ್ತದೆ, ಬುಡ್ಡಿಯಲ್ಲೇ ಮೊಳಕೆ ಬರುತ್ತದೆ. ಗಂಗವ್ವನ ಹೊಲಕ್ಕೆ ಓಣಿಯ ಹೆಣ್ಣುಮಕ್ಕಳು ಮುಯ್ಯಾಳಾಗಿ ಬಂದು ಬಿಡಿಸಿಕೊಟ್ಟಿದ್ದಾರೆ. ಈಗ ಅವರ ಹೊಲಕ್ಕೆ ಗಂಗವ್ವ ಹೋಗಬೇಕು. ಈ ಮುಯ್ಯಿ ತಪ್ಪಿಸಲು ಬರುವುದಿಲ್ಲ.

ಸೋಮವಾರ 11ನೇ ತಾರೀಕು. ಒಕ್ಕೂಟದಿಂದ ಒಂದು ಚೀಟಿ ಬಂತು. ಗುರುವಾರ 14ನೇ ತಾರೀಕು ಗದಗಿನಲ್ಲಿ ಸಭೆ. ಒಂದು ವರ್ಷದ ಮೇಲೆ ಗಂಗವ್ವನನ್ನು ಮತ್ತೆ ಕರೆದಿದ್ದಾರೆ!

ಈ ಸಲ ಗಂಗವ್ವ ಸುಮ್ಮನೆ ಕೂಡಲಿಲ್ಲ. ಓದು ಬರಹ ಕಲಿತಿದ್ದಳು. ಅವತ್ತೇ ಸಂಜೆ ಒಂದು ಚೀಟಿ ಬರೆದಳು.

> ದಿನಾಂಕ: 11, ಸೋಮವಾರ
>
> ಒಕ್ಕೂಟದ ಅಧ್ಯಕ್ಷೆಯವರಿಗೆ ಗಂಗವ್ವನ ನಮಸ್ಕಾರಗಳು.
>
> ಗುರುವಾರದ ಸಭೆಗೆ ನನ್ನನ್ನು ಕರೆದಿದ್ದೀರಿ. ನೆನಪಿಟ್ಟು ಕರೆದದ್ದಕ್ಕೆ ಸಂತೋಷ ಆಯಿತು.
>
> ನನಗೆ ಈ ಸಲ ಬರಲು ಆಗುವುದಿಲ್ಲ. ಹೆಸರು ಬಿಡಿಸುವುದು ನಡೆದಿದೆ. ಮುಯ್ಯಿ ತೀರಿಸಬೇಕು. 20ನೇ ತಾರೀಕಿಗೆ ಮುಗಿಯುತ್ತದೆ.
>
> ನನ್ನ ಜಾಗಕ್ಕೆ ನಮ್ಮ ಸಂಘದ ಇನ್ನೊಬ್ಬರನ್ನು ಕರೆಯಿರಿ. ನಮ್ಮ ಸಂಘದ ಲೆಕ್ಕದ ಪುಸ್ತಕ ಅವರ ಕೈಯಲ್ಲಿ ಕಳಿಸುತ್ತೇನೆ.
>
> 22ನೇ ತಾರೀಕು ಶುಕ್ರವಾರ ನಾನೇ ನಿಮ್ಮ ಮನೆಗೆ ಬರುತ್ತೇನೆ. ಸಭೆಯಲ್ಲಿ ಏನು ಮಾತಾಯಿತು ಎಂದು ಕೇಳಿಕೊಳ್ಳುತ್ತೇನೆ. ಮುಂದಿನ ಸಭೆಗೆ ನನ್ನನ್ನು ಕರೆಯಿರಿ.
>
> ಇಂತಿ ನಿಮ್ಮ,
> ಗಂಗವ್ವ

ಈ ಚೀಟಿಯನ್ನು ಇನ್ನೊಮ್ಮೆ ನೋಡೋಣ. ಮೊದಲು ಕರೆದದ್ದಕ್ಕೆ ಸಂತೋಷ ಹೇಳಿದ್ದಾಳೆ. ಎರಡನೆಯದಾಗಿ ಬರಲು ಆಗುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಹೇಳಿದ್ದಾಳೆ. ಮೂರನೆಯದಾಗಿ ಒಂದೇ ಕಾರಣ, ಅದು ಮುಗಿಯುವ ತಾರೀಕು. ನಾಲ್ಕನೆಯದಾಗಿ ತನ್ನಿಂದ ಆಗುವ ಒಂದು ಕೆಲಸ. ಕೊನೆಗೆ ಮತ್ತೆ ಯಾವಾಗ ಸಿಗುತ್ತೇನೆ ಎಂಬ ದಿನ.

ಇನ್ನೊಂದು ಮಾತು. ಚೀಟಿ ಸೋಮವಾರವೇ ಹೋಯಿತು. ಸಭೆಗೆ ಇನ್ನೂ ಮೂರು ದಿನ ಇತ್ತು. ಒಕ್ಕೂಟದವರು ಇನ್ನೊಬ್ಬ ತಂಗಿಯನ್ನು ಕರೆದರು. ಅವಳೂ ಮನೆಯ ಕೆಲಸ ಹೊಂದಿಸಿಕೊಂಡಳು. ಇದೇ ಚೀಟಿ ಗುರುವಾರ ಬೆಳಿಗ್ಗೆ ಹೋಗಿದ್ದರೆ ಏನೂ ಉಪಯೋಗ ಇರುತ್ತಿರಲಿಲ್ಲ.

ಚೀಟಿಯ ಬದಲು ಫೋನಿನಲ್ಲೂ ಹೇಳಬಹುದು. ಆದರೆ ಕರೆದವರಿಗೇ ಹೇಳಬೇಕು. ದಾರಿಯಲ್ಲಿ ಸಿಕ್ಕ ಹುಡುಗನ ಕೈಯಲ್ಲಿ ಹೇಳಿ ಕಳಿಸಿದರೆ ಮಾತು ಬದಲಾಗುತ್ತದೆ. ‘ಬರಾಕ ಆಗಂಗಿಲ್ಲ’ ಎಂಬುದು ಅಲ್ಲಿಗೆ ಮುಟ್ಟುವಾಗ ‘ಒಲ್ಲೆ ಅಂದಳ್ರಿ’ ಎಂದು ಆಗಿರುತ್ತದೆ!

22ನೇ ತಾರೀಕು

ಚೀಟಿ ಬರೆದರೆ ಕೆಲಸ ಮುಗಿಯಲಿಲ್ಲ. ಶುಕ್ರವಾರ ಗಂಗವ್ವ ಹೇಳಿದಂತೆ ಅಧ್ಯಕ್ಷೆಯ ಮನೆಗೆ ಹೋದಳು. ಒಂದು ಸೇರು ಹೊಸ ಹೆಸರು ಕಟ್ಟಿಕೊಂಡು ಹೋಗಿದ್ದಳು.

“ಬಾರವಾ, ಬಾ. ಹೆಸರು ಮುಗೀತೇನು?”

“ಮುಗೀತ್ರಿ ಅಕ್ಕಾರ. ಸಭಾದಾಗ ಏನ್ ಮಾತಾತ್ರಿ?”

ಅಧ್ಯಕ್ಷೆ ಎಲ್ಲ ಹೇಳಿದರು. ನಡಾವಳಿ ಪುಸ್ತಕ ತೆಗೆದು ಮುಂದೆ ಇಟ್ಟರು. ಗಂಗವ್ವ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮುಂದಿನ ಸಭೆಯ ತಾರೀಕು ಅದರಲ್ಲಿ ಇತ್ತು.

“ಆವತ್ತ ನೀ ಬರಬೇಕ ನೋಡು” ಅಂದರು ಅಧ್ಯಕ್ಷೆ.

“ಆವತ್ತ ಬಂದ ಬರ್ತೀನ್ರಿ” ಅಂದಳು ಗಂಗವ್ವ.

ಬಾಗಿಲು ತೆರೆದೇ ಇದೆ ಎಂದು ಹೇಗೆ ತಿಳಿಯುವುದು? ನಾವು ಬಾರದ ಸಭೆಯ ಸುದ್ದಿಯನ್ನು ಅವರು ನಮಗೆ ಹೇಳುತ್ತಾರೆ. ಮುಂದಿನ ತಾರೀಕನ್ನು ತಾವಾಗಿ ತಿಳಿಸುತ್ತಾರೆ. ಹೇಳದಿದ್ದರೆ ನಾವೇ ಹೋಗಿ ಕೇಳೋಣ.

22ಕ್ಕೆ ಬರುತ್ತೇನೆ ಎಂದು ಬರೆದು ಗಂಗವ್ವ ಹೋಗದಿದ್ದರೆ? ಚೀಟಿಯ ಎಲ್ಲ ಮಾತೂ ಸುಳ್ಳಾಗುತ್ತಿತ್ತು. ಪಾಳಿಸಲು ಆಗದ ದಿನವನ್ನು ಹೇಳಬಾರದು.

ಕುಬಸಕ್ಕೆ ಕರೆದರೆ

ಸಂಘದ ಸಭೆ ಮತ್ತೆ ಬರುತ್ತದೆ. ಆದರೆ ಲಕ್ಷ್ಮೇಶ್ವರದಲ್ಲಿ ಅಕ್ಕನ ಮಗಳ ಕುಬಸ ಇದೆ ಎಂದು ತಿಳಿಯೋಣ. ಕುಬಸ ಒಂದೇ ಸಲ. ಅಲ್ಲಿ ‘ಮುಂದಿನ ಕುಬಸಕ್ಕ ಬರ್ತೀನಿ’ ಎಂದು ಹೇಳಲು ಬರುವುದಿಲ್ಲ. ಆಗ ಏನು ಮಾಡಬೇಕು?

“ಯಕ್ಕಾ, ಅತ್ತಿಗೆ ಕಣ್ಣಿನ ಆಪರೇಶನ್ ಆಗೈತಿ. ಈ ವಾರ ಬಿಟ್ಟು ಬರಾಕ ಆಗಂಗಿಲ್ಲ. ಕುಬಸದ ಖಣ ವೈನಿ ಕೈಯಾಗ ಕಳಸ್ತೀನಿ. ಕೂಸಿನ ತೊಟ್ಟಿಲಕ್ಕ ನಾನ ಬಂದು ಎರಡ ದಿನ ಇರ್ತೀನಿ.”

ಇಲ್ಲಿ ಖಣ ಹೋಯಿತು. ಉಡಿ ತುಂಬುವ ಕೈ ಹೋಗದಿದ್ದರೂ ಮನಸ್ಸು ಹೋಯಿತು. ಮುಂದಿನ ಕಾರ್ಯದ ಹೆಸರೂ ಬಂತು. ಅಕ್ಕನಿಗೆ ಬೇಸರ ಆಗುತ್ತದೆ, ನಿಜ. ಆದರೆ ತೊಟ್ಟಿಲಿಗೆ ಅವಳೇ ಮೊದಲು ಫೋನ್ ಮಾಡುತ್ತಾಳೆ.

ನೋಟೀಸು ಬಂದರೆ

ಕೆಲವು ಸಭೆಗಳಿಗೆ ಬರಹದ ನೋಟೀಸು ಬರುತ್ತದೆ. ನಮ್ಮ ಜಿಲ್ಲೆಗೆ ಇದು ಹಳೆಯ ರೂಢಿ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರಿ ಸಂಘ ಆಯಿತು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅದನ್ನು ಕಟ್ಟಿದರು. ಇವತ್ತು ಮುಂಡರಗಿ ಕಡೆಯ ಹಳ್ಳಿಗಳಲ್ಲೂ ಸೊಸಾಯಿಟಿಗಳು ಇವೆ. ಅವುಗಳಲ್ಲಿ ನಮ್ಮ ಹೆಸರಿನಲ್ಲೂ ಶೇರು ಇರಬಹುದು. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯ ನೋಟೀಸು ಬರುತ್ತದೆ.

ಈ ಸಭೆ ಕುಬಸದಂತೆ ಅಲ್ಲ, ಓಣಿಯ ಸಂಘದಂತೆಯೂ ಅಲ್ಲ. ಸಹಕಾರಿ ಸಂಘದಲ್ಲಿ ನಮ್ಮ ಮತವನ್ನು ನಾವೇ ಹೋಗಿ ಹಾಕಬೇಕು. ಗಂಡನ ಕೈಯಲ್ಲಾಗಲಿ, ಚೀಟಿಯಲ್ಲಾಗಲಿ ಕಳಿಸಲು ಬರುವುದಿಲ್ಲ. ಆದ್ದರಿಂದ ನೋಟೀಸು ಬಂದರೆ ಮೊದಲು ಸಭೆಯ ವಿಷಯಗಳನ್ನು ಓದೋಣ. ನಮ್ಮ ಸಾಲದ ಮಾತು ಇದೆಯೇ? ಚುನಾವಣೆ ಇದೆಯೇ? ಇದ್ದರೆ ಬೇರೆ ಕೆಲಸ ಬದಿಗಿಟ್ಟು ಹೋಗುವುದೇ ಒಳ್ಳೆಯದು. ಹೋಗಲು ಆಗದಿದ್ದರೆ ಕಾರ್ಯದರ್ಶಿಗೆ ಮೊದಲೇ ಬರೆದು ಕೊಡೋಣ. ಸಭೆಗೆ ಮೇಲಿಂದ ಮೇಲೆ ತಪ್ಪಿಸಿದರೆ ನಿಯಮ ಏನು ಎಂದು ಅವರನ್ನೇ ಕೇಳೋಣ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ನೆನಪಿಡೋಣ. ಸಭೆಗೆ ಹೋಗಿರುವುದಿಲ್ಲ. ಮರುದಿನ ಯಾರೋ ಪುಸ್ತಕ ಹಿಡಿದುಕೊಂಡು ಬರುತ್ತಾರೆ. “ಇಲ್ಲೊಂದು ಸಹಿ ಮಾಡ್ರಿ, ಬಂದಂಗ ಆಗತೈತಿ” ಅನ್ನುತ್ತಾರೆ. ಬಾರದ ಸಭೆಗೆ ಸಹಿ ಮಾಡಬಾರದು. ನಮಗೆ ಗೊತ್ತಿಲ್ಲದ ಠರಾವಿಗೆ ನಾವು ಒಪ್ಪಿದಂತೆ ಆಗುತ್ತದೆ. “ನಾ ಆವತ್ತ ಬಂದಿದ್ದಿಲ್ರಿ. ಮುಂದಿನ ಸಭಾಕ್ಕ ಬಂದು ಸಹಿ ಮಾಡ್ತೀನ್ರಿ” ಎಂದು ಹೇಳೋಣ.

ಬೇಡವಾದ ಕಡೆಗೆ

ಎಲ್ಲ ಕಡೆಗೂ ಬಾಗಿಲು ತೆರೆದಿಡಬೇಕಿಲ್ಲ. ರೊಕ್ಕ ಹಾಕಿದರೆ ಎರಡು ಪಟ್ಟು ಕೊಡುತ್ತೇವೆ ಎಂದು ಕೆಲವರು ಸಭೆಗೆ ಕರೆಯುತ್ತಾರೆ. ನಮಗೆ ಅದು ಬೇಡ. ಅವರಿಗೆ ‘ಈ ಸಲ ಆಗಂಗಿಲ್ರಿ’ ಅಂದರೆ ಮುಂದಿನ ವಾರ ಮತ್ತೆ ಬರುತ್ತಾರೆ. ಅಲ್ಲಿ ‘ಈ ಸಲ’ ಎಂಬ ಮಾತು ಬಿಟ್ಟುಬಿಡೋಣ. “ನನಗ ಬ್ಯಾಡ್ರಿ. ಮತ್ತ ಕರಿಯಾಕ ಬರಬ್ಯಾಡ್ರಿ” ಅಂದರೆ ಸಾಕು. ಕಾರಣ ಹೇಳಬೇಕಿಲ್ಲ.

ಹೋಗುವ ಮನಸ್ಸು ಇದ್ದರೆ ಮಾತ್ರ ‘ಈ ಸಲ’ ಅನ್ನೋಣ. ಮನಸ್ಸು ಇಲ್ಲದ ಕಡೆ ಹೇಳಿದರೆ ಅದು ಇನ್ನೊಂದು ‘ನೋಡೋಣ್ರಿ’ ಆಗುತ್ತದೆ.

ಅಭ್ಯಾಸ

1. ಹೋದ ವರ್ಷ ಗಂಗವ್ವ ಏನು ಹೇಳಿದಳು? ಅದರಿಂದ ಏನಾಯಿತು?

2. ಇವುಗಳಲ್ಲಿ ಮುಗಿಯುವ ಕಾರಣ ಯಾವುದು? ಮುಗಿಯದ ಕಾರಣ ಯಾವುದು?
ಅ) ನನಗ ಪುರುಸೊತ್ತ ಇಲ್ರಿ.
ಆ) ಶನಿವಾರದ ತನಕ ಮೆಣಸಿನಕಾಯಿ ಬಿಡಸೂದು ಐತ್ರಿ.
ಇ) ಮನ್ಯಾಗ ಒಲ್ಲೆ ಅಂತಾರ್ರಿ.

3. ಬೆಟಗೇರಿಯಲ್ಲಿ ಸೀರೆ ನೇಯುವ ಒಬ್ಬ ಅಕ್ಕನಿಗೆ ಶುಕ್ರವಾರ ಸಂಘದ ಸಭೆ ಇದೆ. ಮಗ್ಗದ ಮೇಲಿನ ಸೀರೆಯನ್ನು ಶನಿವಾರ ಮುಗಿಸಿ ಕೊಡಬೇಕು. ಅವಳ ಚೀಟಿಯನ್ನು ನೀವು ತುಂಬಿರಿ.

ಶುಕ್ರವಾರದ ಸಭೆಗೆ ಕರೆದದ್ದಕ್ಕೆ ……………… ಆಯಿತು.
ನನಗೆ ……………… ಬರಲು ಆಗುವುದಿಲ್ಲ.
ಮಗ್ಗದ ಮೇಲಿನ ಸೀರೆ ……………… ಮುಗಿಯುತ್ತದೆ.
ಈ ವಾರದ ಉಳಿತಾಯದ ಹಣವನ್ನು ……………… ಕೈಯಲ್ಲಿ ಕಳಿಸುತ್ತೇನೆ.
……………… ದಿನ ನಾನೇ ಬಂದು ಭೇಟಿ ಆಗುತ್ತೇನೆ.

4. ನೀವು ಹೋಗಲು ಆಗದ ಒಂದು ಕಾರ್ಯ ಅಥವಾ ಸಭೆಯನ್ನು ನೆನಪು ಮಾಡಿಕೊಳ್ಳಿರಿ. ಅವರಿಗೆ ಐದು ಸಾಲಿನ ಚೀಟಿ ಬರೆಯಿರಿ. ಗೆಳತಿಗೆ ಓದಿ ಹೇಳಿರಿ. “ಇದನ್ನ ಓದಿದ್ರ ನೀ ನನ್ನ ಮತ್ತ ಕರೀತಿದ್ದೇನು?” ಎಂದು ಅವಳನ್ನು ಕೇಳಿರಿ.